ತಿದ್ದಿದ್ದೆಷ್ಟು, ಬಿಟ್ಟಿದ್ದೆಷ್ಟು

ವಕೀಲರ ಕರಡನ್ನು ಓದಿ ಕೊಡುವವನ ಕೆಲಸದ ಬಗ್ಗೆ ಎರಡು ಮಾತುಗಳಿವೆ. ಕನ್ನಡ ಬರುತ್ತದೆ ಅಂತಲೇ ನಿನಗೆ ಕೊಟ್ಟಿದ್ದೇನೆ, ತಪ್ಪೆಲ್ಲ ತಿದ್ದಿ ಸ್ವಚ್ಛ ಪ್ರತಿ ಕೊಡು, ಪ್ರಶ್ನೆ ಕೇಳಬೇಡ ಎಂಬುದು ಒಂದು. ಕಾಗುಣಿತ ಬಿಟ್ಟು ಬೇರೇನೂ ಮುಟ್ಟಬೇಡ, ಅನುಮಾನ ಬಂದದ್ದನ್ನೆಲ್ಲ ಗುರುತು ಮಾಡಿ ಕೊಡು, ನಿರ್ಧಾರ ನನ್ನದು ಎಂಬುದು ಇನ್ನೊಂದು. ಓದಿದ ಪ್ರತಿಯ ಮೇಲೆ ಲಗತ್ತಿಸಿ ಕಳಿಸುವ ಒಂದು ಪುಟದ ಪತ್ರ ಹುಟ್ಟಿಕೊಂಡಿರುವುದು ಈ ಎರಡರ ನಡುವಿನ ಜಾಗದಲ್ಲಿ. ಇಂತಿಂಥದ್ದನ್ನು ತಿದ್ದಿದ್ದೇನೆ, ಇಂತಿಂಥದ್ದನ್ನು ತಮಗೆ ಬಿಟ್ಟಿದ್ದೇನೆ ಎಂದು ಹೇಳುವುದಷ್ಟೇ ಅದರ ಕೆಲಸ. ಆದರೆ ಯಾವುದು ಯಾವ ಪಟ್ಟಿಗೆ ಸೇರಬೇಕು ಎನ್ನುವಲ್ಲಿ ಜಗಳ ಶುರುವಾಗುತ್ತದೆ.

ಬೀದರ ಜಿಲ್ಲೆಯಲ್ಲಿ ಈ ಜಗಳ ತುಸು ಹೆಚ್ಚೇ. ಇಲ್ಲಿನ ಜಮೀನಿನ ವ್ಯಾಜ್ಯವೊಂದರ ಕಡತ ಬಿಚ್ಚಿದರೆ ಮೂರು ಕಾಲದ ಕಾಗದಗಳು ಒಟ್ಟಿಗೆ ಸಿಗುತ್ತವೆ. 1948ರ ಸೆಪ್ಟೆಂಬರಿಗೆ ಮುಂಚಿನ, ನಿಜಾಮರ ಆಳ್ವಿಕೆಯ ಉರ್ದು ಪತ್ರ ಮತ್ತು ಅದರ ಅನುವಾದ. 1954-55ರ ಖಾಸ್ರಾ ಪಹಣಿ. ಆಮೇಲೆ ಕಂಪ್ಯೂಟರಿನಿಂದ ತೆಗೆದ ಇವತ್ತಿನ ಪಹಣಿ. ಇವುಗಳ ಆಧಾರದ ಮೇಲೆ ಕನ್ನಡದಲ್ಲಿ ವಾದಪತ್ರ ತಯಾರಾಗುತ್ತದೆ. ಓದುವವನ ಕಣ್ಣು ವಾದಪತ್ರದ ಮೇಲಿದ್ದರೂ ಕೈ ಈ ಮೂರನ್ನೂ ತಿರುವುತ್ತಿರಬೇಕು.

ಮಾತಿಗೆ ಆಧಾರವಾಗಿ ಹುಮನಾಬಾದ್ ತಾಲ್ಲೂಕಿನ ಹುಡಗಿ ಗ್ರಾಮದ ಜಮೀನೊಂದರ ಬಗ್ಗೆ ಕಲ್ಪಿತ ಕರಡೊಂದನ್ನು ಇಟ್ಟುಕೊಳ್ಳೋಣ. ಸರ್ವೆ ನಂಬರುಗಳು, ವಿಸ್ತೀರ್ಣ, ಮನುಷ್ಯರು ಎಲ್ಲವೂ ಕಲ್ಪಿತ. ತಪ್ಪುಗಳು ಮಾತ್ರ ಇಂಥ ಕರಡುಗಳಲ್ಲಿ ಕಾಣುವ ಬಗೆಯವೇ. ವಾದಿಗೆ ಎರಡು ತುಂಡು ಜಮೀನು, ಪಕ್ಕದವರು ಒತ್ತುತ್ತಿದ್ದಾರೆಂದು ಶಾಶ್ವತ ನಿರ್ಬಂಧಕಾಜ್ಞೆ ಕೇಳಿ ಹುಮನಾಬಾದಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡುವವನಿದ್ದಾನೆ. ಕರಡು ಓದಿದವನ ಪತ್ರ ಹೀಗಿರುತ್ತದೆ:

“ವಕೀಲ್ ಸಾಹೇಬರಿಗೆ ನಮಸ್ಕಾರಗಳು.

ಹುಡಗಿ ಜಮೀನಿನ ವಾದಪತ್ರ ಓದಿ ಕಳಿಸಿದ್ದೇನೆ. ಕಾಗುಣಿತ, ಒತ್ತಕ್ಷರ, ಬಿಟ್ಟುಹೋದ ವಿಭಕ್ತಿಗಳನ್ನು ಹೇಳದೆ ತಿದ್ದಿದ್ದೇನೆ. ಗ್ರಾಮದ ಹೆಸರು ನಾಲ್ಕಾರು ಕಡೆ ‘ಹುಡುಗಿ’ ಎಂದಾಗಿತ್ತು, ಪಹಣಿಯಲ್ಲಿದ್ದಂತೆ ‘ಹುಡಗಿ’ ಎಂದೇ ಮಾಡಿದ್ದೇನೆ. ವಾದಿಯ ಹೆಸರನ್ನು ‘ಹಣಮಂತ’ ಎಂದೇ ಉಳಿಸಿದ್ದೇನೆ, ಆಧಾರ್ ಮತ್ತು ಪಹಣಿಯಲ್ಲಿ ಹಾಗೇ ಇದೆ.

ಒಂದನ್ನು ತಿದ್ದಿದ್ದೇನೆ, ಆದರೆ ತಾವು ನೋಡಿ ಒಪ್ಪಬೇಕು. ಶೆಡ್ಯೂಲಿನ ಮೊದಲ ಜಮೀನು ‘112/ಅ’ ಎಂದಿತ್ತು. ಲಗತ್ತಿಸಿದ ಪಹಣಿ 112/ಆ ಜಮೀನಿನದು. ಶೆಡ್ಯೂಲಿನ ಚಕ್ಕುಬಂದಿಯಲ್ಲೂ ‘ಪೂರ್ವಕ್ಕೆ 112/ಅ’ ಎಂದಿದೆ. ಆದ್ದರಿಂದ ದಾವಾ ಜಮೀನನ್ನು 112/ಆ ಎಂದು ಮಾಡಿ ಕೆಂಪು ಗೆರೆ ಎಳೆದಿದ್ದೇನೆ.

ಮುಂದಿನ ಮೂರನ್ನು ಮುಟ್ಟಿಲ್ಲ.

ಮೊದಲನೆಯದು, ವಿಸ್ತೀರ್ಣ. 3 ಎಕರೆ 25 ಗುಂಟೆ ಮತ್ತು 2 ಎಕರೆ 20 ಗುಂಟೆ ಕೂಡಿದರೆ 6 ಎಕರೆ 5 ಗುಂಟೆ ಆಗುತ್ತದೆ. ಕರಡಿನಲ್ಲಿ ಒಟ್ಟು ‘5.45’ ಎಂದಿದೆ. ಮೊತ್ತ ತಪ್ಪೋ, ಮೇಲಿನ ಎರಡರಲ್ಲಿ ಒಂದು ತಪ್ಪೋ ತಮಗೇ ಗೊತ್ತು. ಎರಡನೇ ಜಮೀನಿನ ಪಹಣಿ ನನಗೆ ಕಳಿಸಿದ ಕಾಗದಗಳಲ್ಲಿ ಇರಲಿಲ್ಲ.

ಎರಡನೆಯದು, ಖರೀದಿ ಪತ್ರದ ವರ್ಷ. ಅನುವಾದದಲ್ಲಿ ‘ದೈ, 1352 ಫಸಲಿ’ ಎಂದಿದೆ. ಕರಡಿನ 3ನೇ ಪ್ಯಾರಾ ಇದನ್ನು 1943 ಎಂದು ಬರೆದಿದೆ. ದೈ ತಿಂಗಳು 1942ರ ನವೆಂಬರ್-ಡಿಸೆಂಬರಿಗೆ ಬರುತ್ತದೆ. ಅದೇ ಪ್ಯಾರಾದಲ್ಲಿ ವಾದಿಯ ಅಜ್ಜ 1943ರ ಜನವರಿಯಲ್ಲಿ ತೀರಿಕೊಂಡರೆಂದಿದೆ.

ಮೂರನೆಯದು, ಸ್ವಾಧೀನ. 4ನೇ ಪ್ಯಾರಾದಲ್ಲಿ ವಾದಿ ಜಮೀನಿನ ‘ಸ್ವಾಧೀನದಲ್ಲಿದ್ದನು’, 9ನೇ ಪ್ಯಾರಾದಲ್ಲಿ ‘ಸ್ವಾಧೀನದಲ್ಲಿರುತ್ತಾನೆ’. ಯಾವುದು ಇರಬೇಕೆಂದು ತಿಳಿಸಿರಿ.

ಈ ಪತ್ರವನ್ನು ಕಡತಕ್ಕೆ ಹೊಲಿಯದೆ ಬೇರೆ ಇಡಬೇಕೆಂದು ವಿನಂತಿ.”

ಇಷ್ಟೇ ಪತ್ರ. ಇದರ ಮೇಲೆ ಎರಡೂ ಕಡೆಯವರಿಗೆ ತಕರಾರಿದೆ.

ಹೇಳದೆ ತಿದ್ದಿದ ಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನುಡಿಯಲ್ಲಿ ಬರೆದದ್ದನ್ನು ಯೂನಿಕೋಡಿಗೆ ತಿರುಗಿಸಿದಾಗ ದೀರ್ಘಗಳೂ ಅರ್ಕಾವೊತ್ತುಗಳೂ ಜಾಗ ಬದಲಿಸುವುದು ಎಲ್ಲರೂ ಕಂಡದ್ದೇ. ಅಂಥದ್ದನ್ನು ಒಂದೊಂದಾಗಿ ವರದಿ ಮಾಡಿದರೆ ವಕೀಲರು ಮುಖ್ಯವಾದ ಸಾಲನ್ನು ಓದುವ ಮೊದಲೇ ಪತ್ರವನ್ನು ಬದಿಗಿಡುತ್ತಾರೆ. ಆದರೂ ಹೆಸರುಗಳನ್ನು ಪತ್ರದಲ್ಲಿ ಹೇಳಿದ್ದು ಸರಿ. ಬೆಂಗಳೂರು ಕಡೆ ಕನ್ನಡ ಕಲಿತವನ ಕಣ್ಣಿಗೆ ‘ಹುಡಗಿ’ಯೂ ತಪ್ಪು, ‘ಹಣಮಂತ’ನೂ ತಪ್ಪು. ಅವನು ವ್ಯಾಕರಣದ ಹುಮ್ಮಸ್ಸಿನಲ್ಲಿ ಎರಡನ್ನೂ ತಿದ್ದಿದರೆ ಆ ಹೆಸರಿನ ಊರೂ ಪಹಣಿಯಲ್ಲಿ ಸಿಗುವುದಿಲ್ಲ, ಮನುಷ್ಯನೂ ಸಿಗುವುದಿಲ್ಲ.

ತಿದ್ದಿ ಒಪ್ಪಿಗೆ ಕೇಳಿದ ‘ಅ’ ಮತ್ತು ‘ಆ’ ವಿಷಯ ಕಠಿಣವಾದದ್ದು. ಹಳೆಯ ಹೈದರಾಬಾದ್ ಸೀಮೆಯಲ್ಲಿ ಸರ್ವೆ ನಂಬರಿನ ಹಿಸ್ಸಾಗಳಿಗೆ ಹೀಗೆ ಅಕ್ಷರ ಹಾಕುವ ರೂಢಿ ಇದೆ. ಜೆರಾಕ್ಸಿನ ಜೆರಾಕ್ಸ್ ತೆಗೆದಾಗ ‘ಆ’ದ ಬಾಲ ಮಸುಕಾಗಿ ‘ಅ’ ಆಗುವುದು ಸುಲಭ. ಮುಟ್ಟಬಾರದೆನ್ನುವವರ ವಾದ ಹೀಗಿದೆ: ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 3ರ ಪ್ರಕಾರ ಸ್ಥಿರಾಸ್ತಿಯ ದಾವೆಯಲ್ಲಿ ಆಸ್ತಿಯನ್ನು ಗುರುತಿಸಲು ಸಾಕಾಗುವ ವಿವರ ಇರಬೇಕು, ಚಕ್ಕುಬಂದಿ ಅಥವಾ ಸರ್ವೆ ನಂಬರಿನಿಂದ ಗುರುತಿಸಬಹುದಾದರೆ ಅದನ್ನು ಹೇಳಲೇಬೇಕು. ಹಾಗಾದರೆ ಆ ನಂಬರು ದಾವೆಯ ಬುನಾದಿ. ಬುನಾದಿಯನ್ನು ಡಿಟಿಪಿ ಮೇಜಿನ ಮೇಲೆ ಬದಲಿಸುವ ಅಧಿಕಾರ ಯಾರಿಗೂ ಇಲ್ಲ.

ತಿದ್ದಬೇಕೆನ್ನುವವರೂ ಅದೇ ನಿಯಮವನ್ನು ಹಿಡಿದುಕೊಂಡು ಮಾತಾಡುತ್ತಾರೆ. ಶೆಡ್ಯೂಲಿನಲ್ಲಿ ಜಮೀನು 112/ಅ, ಅದರ ಪೂರ್ವದ ಗಡಿಯೂ 112/ಅ. ಒಂದು ಹೊಲ ತನಗೆ ತಾನೇ ಗಡಿಯಾಗುವುದಿಲ್ಲ. ಪಹಣಿ ಬೇರೆ 112/ಆ ಎನ್ನುತ್ತಿದೆ. ಎರಡು ಕಾಗದಗಳು ಒಂದನ್ನೇ ಹೇಳುತ್ತಿರುವಾಗ ಪ್ರಶ್ನೆಚಿಹ್ನೆ ಹಾಕಿ ಕಳಿಸುವುದು ಕೆಲಸಗಳ್ಳತನ ಅನ್ನುತ್ತಾರೆ ಅವರು.

ನಂಬರಿನ ತಪ್ಪಿಗೆ ಕೋರ್ಟು ಅಷ್ಟೇನೂ ಕಠಿಣವಲ್ಲ ಎಂದು ಸಮಾಧಾನ ಹೇಳುವವರೂ ಇದ್ದಾರೆ. ಅವರು ತೋರಿಸುವುದು ಶಿವಧ್ಯಾನ್ ಸಿಂಗ್ ವಿರುದ್ಧ ಸನಿಚರಾ ಕುಂವರ್ ಪ್ರಕರಣವನ್ನು. 1963ರ ವರದಿಗಳಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು ಅದು. 160 ಎಂದಿರಬೇಕಾದ ಪ್ಲಾಟ್ ನಂಬರು ಕಾಗದದಲ್ಲಿ 1060 ಎಂದಾಗಿತ್ತು. ಉಳಿದ ವಿವರಗಳಿಂದ ಜಮೀನು ಯಾವುದೆಂದು ಅನುಮಾನವಿಲ್ಲದೆ ತಿಳಿಯುತ್ತಿದ್ದುದರಿಂದ ಅದು ಬರೀ ತಪ್ಪು ವರ್ಣನೆ, ಹಕ್ಕಿಗೆ ಧಕ್ಕೆ ಇಲ್ಲ ಎಂದು ಕೋರ್ಟು ಹೇಳಿತು. ಸಮಾಧಾನಕ್ಕೆ ಒಳ್ಳೆಯ ತೀರ್ಪೇ. ಆದರೆ ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು ಸೊನ್ನೆ ಬರೀ ಬರವಣಿಗೆಯ ತಪ್ಪು ಎಂದು ಅನ್ನಿಸಿಕೊಳ್ಳಲು ಆ ಜನ ದಿಲ್ಲಿಯವರೆಗೆ ಹೋಗಬೇಕಾಯಿತು. ಅದಕ್ಕಿಂತ ಮುಖ್ಯವಾಗಿ, ನಮ್ಮ ಕಲ್ಪಿತ ಕರಡಿನಲ್ಲಿ 112/ಅ ಎಂಬ ಜಮೀನು ನಿಜವಾಗಿಯೂ ಇದೆ, ಅದು ಪಕ್ಕದವನದು. ತಪ್ಪು ನಂಬರು ಯಾವ ಜಮೀನಿಗೂ ಸೇರದಿದ್ದರೆ ಕೋರ್ಟಿಗೆ ಅದು ತಪ್ಪೆಂದು ಬೇಗ ತಿಳಿಯುತ್ತದೆ. ಇನ್ನೊಬ್ಬನ ಹೊಲಕ್ಕೆ ಸೇರಿದ್ದರೆ ವಾದಿ ಪ್ರತಿವಾದಿಯ ಜಮೀನಿಗೇ ಆಜ್ಞೆ ಕೇಳಿದಂತಾಗುತ್ತದೆ. ಹಾಗಾಗಿ ಇಲ್ಲಿ ತಿದ್ದಿ, ಕೆಂಪು ಗೆರೆ ಎಳೆದು, ಪತ್ರದಲ್ಲಿ ಪ್ರಶ್ನೆಗಳಿಗಿಂತ ಮೇಲೆ ಹೇಳಿದ ದಾರಿಯೇ ನನಗೆ ಸರಿ ಕಾಣುತ್ತದೆ. ಗಡಿಬಿಡಿಯಲ್ಲಿ ವಕೀಲರು ಪತ್ರವನ್ನು ಓದದೇ ಹೋದರೂ ಕಡತ ಸರಿಯಾದ ನಂಬರಿನೊಂದಿಗೇ ಹೋಗುತ್ತದೆ.

ಹಾಗಾದರೆ ವಿಸ್ತೀರ್ಣವನ್ನೂ ಯಾಕೆ ತಿದ್ದಬಾರದು? ಅದು ಬರೀ ಕೂಡಿಕೆಯ ಲೆಕ್ಕವಲ್ಲವೇ? ಎಕರೆಗೆ 40 ಗುಂಟೆ ಎಂಬುದು ಹೊಲ ಕಂಡ ಯಾರಿಗೂ ಗೊತ್ತು. ಪಹಣಿಯಲ್ಲಿ ಎಕರೆ ಮತ್ತು ಗುಂಟೆಯ ನಡುವೆ ಹಾಕುವ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಟೈಪಿಸ್ಟ್ 3.25ಕ್ಕೆ 2.20 ಕೂಡಿಸಿ 5.45 ಎಂದಿದ್ದಾನೆ. 40 ಮುಟ್ಟಿದೊಡನೆ ಗುಂಟೆ ಎಕರೆಗೆ ಸೇರಬೇಕಾದ್ದರಿಂದ ‘45 ಗುಂಟೆ’ ಎಂದು ಬರೆಯುವುದೇ ಇಲ್ಲ. ತಪ್ಪು ಮುಖದ ಮೇಲೇ ಕಾಣುತ್ತಿದೆ. ತಿದ್ದಬೇಕೆನ್ನುವವರ ವಾದಕ್ಕೆ ಇಲ್ಲಿ ಇನ್ನೂ ಬಲ ಬರುತ್ತದೆ, ಯಾಕೆಂದರೆ ಇದನ್ನು ಹಾಗೇ ಬಿಟ್ಟರೆ ಮುಂದೆ ಓದುವವರಲ್ಲಿ ಒಬ್ಬರು ಇದನ್ನು 6 ಎಕರೆ 5 ಗುಂಟೆ ಎಂದುಕೊಳ್ಳುತ್ತಾರೆ, ಇನ್ನೊಬ್ಬರು ಐದು ದಶಮಾಂಶ ನಾಲ್ಕು ಐದು ಎಕರೆ, ಅಂದರೆ 5 ಎಕರೆ 18 ಗುಂಟೆ ಎಂದುಕೊಳ್ಳುತ್ತಾರೆ. ನಡುವೆ 27 ಗುಂಟೆ ಹೊಲ ಕಾಣೆಯಾಗುತ್ತದೆ.

ಆದರೆ ಮೊತ್ತ ತಪ್ಪು ಎಂಬುದಷ್ಟೇ ಖಚಿತ. ಯಾವ ಅಂಕಿ ಸರಿ ಎಂಬುದು ಖಚಿತವಲ್ಲ. ಎರಡನೇ ಜಮೀನು 2 ಎಕರೆ 20 ಗುಂಟೆಯೋ 2 ಎಕರೆ 2 ಗುಂಟೆಯೋ ಹೇಳಬೇಕಾದ ಪಹಣಿಯನ್ನು ಓದುವವನು ನೋಡಿಲ್ಲ. ಉರ್ದು ಅಂಕಿಗಳಿಂದ ಬಂದ ವಿಸ್ತೀರ್ಣವಾದರೆ ಇನ್ನೊಂದು ಅಪಾಯವಿದೆ. ಅಲ್ಲಿ ಸೊನ್ನೆ ಎಂದರೆ ಬರೀ ಚುಕ್ಕೆ, ಐದನ್ನು ಬರೆಯುವುದು ದುಂಡಗೆ. ಇಂಗ್ಲಿಷ್ ಅಂಕಿಗೆ ಒಗ್ಗಿದ ಕಣ್ಣು ಆ ಐದನ್ನು ಸೊನ್ನೆ ಎಂದು ಓದುತ್ತದೆ. ಏಳು ಮತ್ತು ಎಂಟು ಒಂದಕ್ಕೊಂದು ತಲೆಕೆಳಗಾದ ಗುರುತುಗಳು. ಕೂಡಿಕೆಯನ್ನು ಸರಿಮಾಡಿ ಕೊಟ್ಟರೆ ಪುಟ ನೋಡಲು ಶುದ್ಧವಾಗುತ್ತದೆ, ಆದರೆ ಮೇಲಿನ ಸಾಲಿನಲ್ಲಿರಬಹುದಾದ ನಿಜವಾದ ತಪ್ಪಿನ ಸುಳಿವು ಅಳಿಸಿಹೋಗುತ್ತದೆ. ಹಿಸ್ಸಾದ ಅಕ್ಷರಕ್ಕೆ ಪಹಣಿ ಮತ್ತು ಚಕ್ಕುಬಂದಿ ಎಂಬ ಎರಡು ಸಾಕ್ಷಿಗಳಿದ್ದವು. ಈ ಮೊತ್ತಕ್ಕೆ ಗಣಿತ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಮುಟ್ಟದೆ ಕೇಳಿದ್ದು ಅದಕ್ಕೇ ಸರಿ ಎನ್ನುತ್ತೇನೆ. ಆ ಪಹಣಿ ಕಡತದಲ್ಲಿದ್ದಿದ್ದರೆ ನನ್ನ ಅಭಿಪ್ರಾಯ ಬೇರೆಯಾಗುತ್ತಿತ್ತು.

ಫಸಲಿಯ ಲೆಕ್ಕ ಈ ಸೀಮೆಯದೇ ತಾಪತ್ರಯ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ 6ಕ್ಕೆ, ಆಜುರ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಎರಡನೆಯ ತಿಂಗಳು ದೈ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ದಿನಗಳಿಗೆ 590 ಕೂಡಬೇಕು, ಜನವರಿಯಿಂದ ಮುಂದಿನದಕ್ಕೆ 591. ಬಹಳ ಜನ ತಿಂಗಳನ್ನು ನೋಡದೆ ಒಂದೇ ಸಂಖ್ಯೆಯನ್ನು ಕೂಡಿಬಿಡುತ್ತಾರೆ. 1352ಕ್ಕೆ 591 ಕೂಡಿದ್ದರಿಂದ ನಮ್ಮ ಕರಡಿನಲ್ಲಿ 1943 ಬಂದಿದೆ. ಒಂದೇ ವರ್ಷದ ಅಂತರ, ಅದೂ ಹಳೆಯ ಪತ್ರ, ಏನಾಯಿತು ಎನ್ನಬಹುದು. ಆದರೆ ಪಕ್ಕದ ಸಾಲಿನಲ್ಲಿ ಹೊಲ ಕೊಂಡ ಅಜ್ಜ 1943ರ ಜನವರಿಯಲ್ಲಿ ತೀರಿಕೊಂಡಿದ್ದಾರೆ. 1943 ಎಂದು ಬಿಟ್ಟರೆ ಎದುರು ವಕೀಲರು ಪಾಟೀಸವಾಲಿನಲ್ಲಿ ಸತ್ತವನು ಹೊಲ ಕೊಂಡನೇ ಎಂದು ಕೇಳುತ್ತಾರೆ. 1942 ಎಂದಾದರೆ ಕಾಗದ ನೆಟ್ಟಗೆ ನಿಲ್ಲುತ್ತದೆ.

ಇದನ್ನು ಹೇಳದೆ ತಿದ್ದಿದ್ದರೆ ವಕೀಲರಿಗೆ ಉಪಕಾರವಾಗುತ್ತಿತ್ತಲ್ಲ ಎಂಬ ಮಾತಿಗೆ ನನ್ನ ಉತ್ತರ ಪೂರ್ತಿ ಇಲ್ಲವೆಂದಲ್ಲ. ಲೆಕ್ಕ ಸ್ಪಷ್ಟವಾಗಿದೆ. ಆದರೆ ತಿದ್ದುವುದರಿಂದ ಕಕ್ಷಿದಾರನಿಗೆ ಅನುಕೂಲವಾಗುವ ಕಡೆಯಲ್ಲೇ ಹೆಚ್ಚು ಎಚ್ಚರ ಬೇಕು. ಅನುವಾದಕ ‘ದೈ’ ಎಂದು ಓದಿದ ಅಕ್ಷರ ಮೂಲದಲ್ಲಿ ಹಾಗೇ ಇದೆಯೇ, ಸಾವಿನ ತಿಂಗಳು ಬಾಯಿಮಾತೋ ದಾಖಲೆಯೋ ಎಂಬುದನ್ನು ವಕೀಲರು ಕಕ್ಷಿದಾರನನ್ನು ಕೂರಿಸಿ ಕೇಳಬೇಕು. ವಾದಪತ್ರದ ಕೊನೆಗೆ ಇದೆಲ್ಲ ನಿಜವೆಂದು ಸತ್ಯಾಪನೆಗೆ ಸಹಿ ಹಾಕುವವನು ಕಕ್ಷಿದಾರ, ಜೊತೆಗೆ ಪ್ರಮಾಣಪತ್ರ ಕೊಡುವವನೂ ಅವನೇ. ಹೊಸ ಸಂಗತಿ ಅವನಿಗೆ ಗೊತ್ತಿಲ್ಲದೆ ಅವನ ಬಾಯಲ್ಲಿ ಸೇರಬಾರದು. ಇಷ್ಟಾದರೂ, ಕಾಗುಣಿತ ಮಾತ್ರ ನೋಡಿ ಫಸಲಿಯನ್ನು ಗಮನಿಸದೇ ಹೋದ ಓದುಗನಿಗಿಂತ ಹೇಳದೆ ತಿದ್ದಿದವನೇ ಮೇಲು ಎಂದು ಒಪ್ಪುತ್ತೇನೆ.

ಕೊನೆಯ ಅಂಶವೇ ಮೋಸದ್ದು, ಯಾಕೆಂದರೆ ಅದು ವ್ಯಾಕರಣದ ವೇಷದಲ್ಲಿ ಬಂದಿದೆ. ಕೋರ್ಟಿನ ಕನ್ನಡದಲ್ಲಿ ‘ಇರುತ್ತದೆ’, ‘ಇರುತ್ತಾನೆ’ ಎಲ್ಲೆಲ್ಲೂ ಬರುತ್ತದೆ. ‘ಇದೆ’, ‘ಇದ್ದಾನೆ’ ಎಂದು ತಿದ್ದಲು ಕೈ ತುರಿಸುತ್ತದೆ. ಶೈಲಿಯ ಮಾತಾದರೆ ನಾನು ಎರಡನ್ನೂ ಬಿಡುತ್ತೇನೆ, ವಕೀಲರ ರೂಢಿಯನ್ನು ತಿದ್ದುವುದು ಓದುಗನ ಕೆಲಸವಲ್ಲ. ಆದರೆ ಒಂದು ಪ್ಯಾರಾದಲ್ಲಿ ‘ಇದ್ದನು’, ಇನ್ನೊಂದರಲ್ಲಿ ‘ಇರುತ್ತಾನೆ’ ಎಂದಾಗ ಏಕರೂಪ ತರಬೇಕೆಂಬ ಆಸೆ ಸಹಜ. ಅಂತರ ಎಲ್ಲಿ ಬರುತ್ತದೆಂದರೆ, ದಾವೆ ಕೇಳುವುದು ಶಾಶ್ವತ ನಿರ್ಬಂಧಕಾಜ್ಞೆಯನ್ನು. ಅನತುಲ ಸುಧಾಕರ್ ವಿರುದ್ಧ ಪಿ. ಬುಚ್ಚಿ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಇದನ್ನು ಬಿಡಿಸಿ ಹೇಳಿದೆ: ವಾದಿ ಜಮೀನಿನ ಸ್ವಾಧೀನದಲ್ಲಿದ್ದು ಬರೀ ಅಡ್ಡಿ ಎದುರಾಗಿದ್ದರೆ ನಿರ್ಬಂಧಕಾಜ್ಞೆ ಸಾಕು. ಸ್ವಾಧೀನ ತಪ್ಪಿಹೋಗಿದ್ದರೆ ಸ್ವಾಧೀನವನ್ನೇ ಕೇಳಬೇಕು. ಹಕ್ಕಿನ ಮೇಲೇ ಮೋಡ ಕವಿದಿದ್ದರೆ ಹಕ್ಕು ಘೋಷಣೆಯನ್ನೂ ಕೇಳಬೇಕು. ಹಾಗಾದರೆ ‘ಇದ್ದನು’ ಎಂಬುದು ಟೈಪಿಂಗ್ ತಪ್ಪೇ ಆಗಿರಬಹುದು. ಅಥವಾ ಕಕ್ಷಿದಾರ ವಕೀಲರ ಮುಂದೆ ಕೂತು ಹೇಳಿದ ನಿಜವೇ ಆಗಿರಬಹುದು: ಹೋದ ಮುಂಗಾರಿನವರೆಗೆ ನಾನೇ ಬಿತ್ತುತ್ತಿದ್ದೆ, ಈಗ ಅವರು ಬಿತ್ತಿದ್ದಾರೆ ಅಂತ. ಮೊದಲನೆಯದಾದರೆ ಒಂದು ಪದ ತಿದ್ದಿದರೆ ಮುಗಿಯಿತು, ಎರಡನೆಯದಾದರೆ ದಾವೆಯ ಬಗೆಯೇ ಬದಲಾಗುತ್ತದೆ. ಇದನ್ನು ಮುಟ್ಟಬಾರದು ಎಂಬುದರಲ್ಲಿ ತಿದ್ದುವ ಪಕ್ಷದವರಲ್ಲೂ ವಿವೇಕಿಗಳಾದವರು ತಕರಾರು ತೆಗೆಯಲಾರರು. ಅವರ ಆಕ್ಷೇಪ ಬೇರೆ: ಹತ್ತು ಪ್ರಶ್ನೆಗಳ ನಡುವೆ ಇದೂ ಒಂದಾದರೆ ಯಾರೂ ನೋಡುವುದಿಲ್ಲ. ಆ ಆಕ್ಷೇಪ ಸರಿ. ಮೇಲಿನ ಪತ್ರದಲ್ಲೂ ಇದನ್ನು ಮೂರನೆಯದಾಗಿ ಹೇಳಿದ್ದು ನನಗೆ ಒಪ್ಪಿಗೆಯಿಲ್ಲ, ಮುಟ್ಟದೆ ಬಿಟ್ಟವುಗಳಲ್ಲಿ ಮೊದಲು ಬರಬೇಕಿತ್ತು.

ತಪ್ಪು ಉಳಿದರೆ ಆಮೇಲೆ ತಿದ್ದಬಹುದಲ್ಲ ಎಂಬುದು ಅವಸರದಲ್ಲಿರುವವರ ಮಾತು. ಆದೇಶ 6, ನಿಯಮ 17ರಲ್ಲಿ ತಿದ್ದುಪಡಿಗೆ ದಾರಿ ಇದೆ. ಆದರೆ ವಿಚಾರಣೆ ಆರಂಭವಾದ ಮೇಲೆ, ತಕ್ಕ ಎಚ್ಚರ ವಹಿಸಿದ್ದರೂ ಮುಂಚೆ ಎತ್ತಲು ಆಗಲಿಲ್ಲ ಎಂದು ಕೋರ್ಟಿಗೆ ಮನವರಿಕೆ ಮಾಡಬೇಕು. ಕರಡಿನ ಮೇಲೇ ಪ್ರಶ್ನೆಚಿಹ್ನೆ ಇತ್ತು ಎಂದಾದರೆ ಆ ಮಾತು ಹೇಳುವುದು ಕಷ್ಟ. ಅಲ್ಲದೆ ವಾದಪತ್ರದ ಪ್ಯಾರಾಗಳನ್ನೇ ಎತ್ತಿ ಮುಖ್ಯ ವಿಚಾರಣೆಯ ಪ್ರಮಾಣಪತ್ರಕ್ಕೆ ಹಾಕುವ ರೂಢಿ ಇರುವುದರಿಂದ ಒಂದು ತಪ್ಪು ಎರಡು ಕಡೆ ಬೇರು ಬಿಡುತ್ತದೆ. ಅವಸರದವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಕಾಲಮಿತಿ ನಾಳೆಗೆ ಮುಗಿಯುವ ದಾವೆಯಾದರೆ ಪರಿಪೂರ್ಣ ಪತ್ರಕ್ಕಿಂತ ಇವತ್ತು ದಾಖಲಾಗುವ ದಾವೆ ಮೇಲು. ಅಂಥ ದಿನ ಪತ್ರ ಬರೆಯುತ್ತ ಕೂರದೆ ಫೋನಿನಲ್ಲೇ ಎರಡು ಮಾತು ಕೇಳಿ ಮುಗಿಸಬೇಕು.

ಅಲ್ಲಿಗೆ ಪತ್ರದ ಮೇಲಿನ ಇನ್ನೊಂದು ಆಕ್ಷೇಪಕ್ಕೆ ಬರುತ್ತೇವೆ. ಬರೆದಿಟ್ಟದ್ದು ಉಳಿಯುತ್ತದೆ. ‘ಅಜ್ಜ ತೀರಿಕೊಂಡ ಮೇಲಿನ ಪತ್ರ ಇದಾಗಬಹುದೇ’ ಎಂಬ ಅನುಮಾನ ಕಾಗದದ ಮೇಲಿದ್ದು, ಗುಮಾಸ್ತ ಅದನ್ನೂ ಸೇರಿಸಿ ಸೆಟ್ ಹೊಲಿದು ಕೋರ್ಟಿಗೆ ಕೊಟ್ಟರೆ ಎದುರು ಪಕ್ಷಕ್ಕೆ ಉಡುಗೊರೆ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಪ್ರಕರಣ ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತಿಗೆ ಕೊಡುವ ರಕ್ಷಣೆಯನ್ನು ದುಭಾಷಿಗಳಿಗೂ ವಕೀಲರ ಗುಮಾಸ್ತ, ನೌಕರರಿಗೂ ಅನ್ವಯಿಸುತ್ತದೆ. ಹೊರಗಿನ ಅಂಗಡಿಯಲ್ಲಿ ಕೂತು ಪುಟಕ್ಕಿಷ್ಟು ಎಂದು ಓದುವವನು ಆ ಸಾಲಿನಲ್ಲಿ ಸೇರುತ್ತಾನೆಯೇ ಎಂಬುದು ವಾದಕ್ಕೆ ಬಿಟ್ಟದ್ದು. ಅದಕ್ಕೇ ಪತ್ರದಲ್ಲಿ ಅಭಿಪ್ರಾಯ ಇರಬಾರದು, ಸ್ಥಳ ಮತ್ತು ವ್ಯತ್ಯಾಸ ಮಾತ್ರ ಇರಬೇಕು: ಇಂಥ ಪ್ಯಾರಾ ಹೀಗೆನ್ನುತ್ತದೆ, ಇಂಥ ಕಾಗದ ಹಾಗೆನ್ನುತ್ತದೆ. ಮೇಲಿನ ಪತ್ರ ಫಸಲಿಯ ವಿಷಯದಲ್ಲಿ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ಸುಮ್ಮನಾಗಿದೆ, ತೀರ್ಮಾನ ಹೇಳಿಲ್ಲ. ಅದು ಸಂಕೋಚದಿಂದ ಅಲ್ಲ.

ಇನ್ನು ಉತ್ತರ ಬಾರದಿದ್ದರೆ? ವಕೀಲರು ಹಿಸ್ಸಾದ ತಿದ್ದುಪಡಿಗೆ ಒಪ್ಪಿ, ಪಹಣಿ ಕಳಿಸಿ ವಿಸ್ತೀರ್ಣ 6 ಎಕರೆ 5 ಗುಂಟೆ ಎಂದು ಖಚಿತ ಮಾಡಿ, ಸ್ವಾಧೀನದ ಬಗ್ಗೆ ಏನೂ ಹೇಳದೆ ‘ಪ್ರಿಂಟ್ ತೆಗೆ’ ಎಂದರೆ ಏನು ಮಾಡುವುದು? ಕೆಲವರು ದಾವೆಗೆ ಹೊಂದುವ ‘ಇರುತ್ತಾನೆ’ಯನ್ನೇ ಎರಡೂ ಕಡೆ ಹಾಕಿಬಿಡುತ್ತಾರೆ. ನಾನಾದರೆ 4ನೇ ಪ್ಯಾರಾವನ್ನು ಕರಡಿನಲ್ಲಿದ್ದಂತೆ ‘ಇದ್ದನು’ ಎಂದೇ ಪ್ರಿಂಟ್ ತೆಗೆದು, ಆ ಪುಟಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಸಹಿಗೆ ಮುಂಚೆ ಇದೊಂದನ್ನು ನೋಡಿರಿ ಎಂದು ಗುಮಾಸ್ತನ ಕೈಗೆ ಕೊಡುತ್ತೇನೆ.